ಏನೂ ಬಂದಿಲ್ಲ, ಆದರೂ ಕೈ ಅತ್ತಲೇ

ಫೋನು ನಮ್ಮನ್ನು ಕರೆಯುತ್ತದೋ, ನಾವೇ ಅದನ್ನು ಹುಡುಕಿಕೊಂಡು ಹೋಗುತ್ತೇವೋ? ಯಾರನ್ನು ಕೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಏನ್ ಮಾಡೋದು ಹೇಳಿ, ಸುಮ್ನೆ ಇರೋಕೇ ಬಿಡಲ್ಲ, ಟಿಣ್ ಟಿಣ್ ಅಂತಾನೇ ಇರುತ್ತೆ." ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಮ್ಯಾಕ್ಸಿ ಹೈಟ್‌ಮೇಯರ್ ಮತ್ತು ಸಾದಿ ಲಾಲೂ ಎಂಬ ಇಬ್ಬರು ಸಂಶೋಧಕರು ಈ ಮಾತು ಎಷ್ಟು ನಿಜ ಎಂದು ನೋಡಲು ಹೊರಟರು. 37 ಜನರಿಗೆ ಕಣ್ಣಿನ ಮಟ್ಟದಲ್ಲಿ ಪುಟ್ಟದೊಂದು ಕ್ಯಾಮೆರಾ ಸಿಕ್ಕಿಸಿ, ಅವರು ದಿನನಿತ್ಯದ ಕೆಲಸದಲ್ಲಿರುವಾಗ ಅವರ ಕಣ್ಣಿಗೆ ಬಿದ್ದದ್ದನ್ನೆಲ್ಲ ದಾಖಲಿಸಿದರು. ಆಮೇಲೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆ ವಿಡಿಯೊ ನೋಡುತ್ತ, ಇಲ್ಲಿ ಫೋನ್ ತೆಗೆದಿರಲ್ಲ, ಯಾಕೆ ಎಂದು ಕೇಳಿದರು. ಹೀಗೆ ಫೋನ್ ಕೈಗೆ ಬಂದ 1,130 ಸಂದರ್ಭಗಳ ಲೆಕ್ಕ ಸಿಕ್ಕಿತು. 2021ರಲ್ಲಿ ಅದು ಪ್ರಕಟವಾಯಿತು. ಫೋನು ಸದ್ದು ಮಾಡಿಯೋ ನಡುಗಿಯೋ ಕರೆದದ್ದು ನೂರಕ್ಕೆ 11 ಸಲ ಮಾತ್ರ. ಉಳಿದ 89 ಸಲ ಅದು ತಣ್ಣಗೆ ಬಿದ್ದುಕೊಂಡಿತ್ತು, ಕೈ ತಾನಾಗಿ ಹೋಗಿತ್ತು.

ಈ 89 ಸಲವೂ ವ್ಯರ್ಥ ಎಂದು ಹೇಳುವುದು ಅನ್ಯಾಯ. ಯಾರಿಗೋ ಕರೆ ಮಾಡಲು, ದಾರಿ ನೋಡಲು, ದುಡ್ಡು ಕಳಿಸಲು ತೆಗೆದದ್ದೂ ಅದರಲ್ಲಿದೆ. ಆದರೆ ಇನ್ನೊಂದು ಬಗೆಯದೂ ಇದೆ, ನಮಗೆಲ್ಲ ಚೆನ್ನಾಗಿ ಗೊತ್ತಿರುವುದು. ಫೋನ್ ಎತ್ತುತ್ತೇವೆ, ಪರದೆ ಬೆಳಗುತ್ತದೆ, ವಾಟ್ಸಾಪಿನಲ್ಲಿ ಹೊಸದೇನಿಲ್ಲ, ಕೆಳಗಿಡುತ್ತೇವೆ. ನಾಲ್ಕು ನಿಮಿಷದ ಮೇಲೆ ಮತ್ತೆ ಎತ್ತುತ್ತೇವೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಆಂಟಿ ಔಲಾಸ್ವಿರ್ತ ಮತ್ತು ಸಂಗಡಿಗರು ಇದನ್ನು ಬೇರೆಯಾಗಿಯೇ ಗುರುತಿಸಿದ್ದರು: ಅರ್ಧ ನಿಮಿಷವೂ ತುಂಬದ, ಒಂದೇ ಒಂದು ಆ್ಯಪ್ ತೆರೆದು ಮುಚ್ಚುವ, ಮತ್ತೆ ಮತ್ತೆ ಮರುಕಳಿಸುವ ನೋಟ. ಇಲ್ಲಿ ಅದನ್ನು ಇಣುಕು ಎಂದು ಕರೆಯೋಣ. ಈ ಲೇಖನ ಗಂಟೆಗಟ್ಟಲೆ ರೀಲ್ಸ್ ನೋಡುವುದರ ಬಗ್ಗೆ ಅಲ್ಲ. ಖಾಲಿ ಎಂದು ಈಗಷ್ಟೇ ನೋಡಿದ ಜಾಗವನ್ನು ಮತ್ತೆ ಇಣುಕಿ ನೋಡುವುದರ ಬಗ್ಗೆ.

ಸಾಮಾನ್ಯ ತರ್ಕದಲ್ಲಿ ಇದು ನಡೆಯಬಾರದು. ಹತ್ತು ಸಲ ಹೋಗಿ ಹತ್ತು ಸಲವೂ ಬರಿಗೈಯಲ್ಲಿ ಬಂದ ಅಂಗಡಿಗೆ ನಾವು ಹನ್ನೊಂದನೆಯ ಸಲ ಹೋಗುವುದಿಲ್ಲ. ಹಾಗಾದರೆ ಇಲ್ಲಿ ಏನು ನಡೆಯುತ್ತಿದೆ? ಉತ್ತರದ ಎಳೆ ಹಿಡಿಯಲು ಮೊಬೈಲಿಗಿಂತ ಬಹಳ ಹಿಂದೆ, ಹಾರ್ವರ್ಡಿನ ಒಂದು ಶನಿವಾರದ ಮಧ್ಯಾಹ್ನಕ್ಕೆ ಹೋಗಬೇಕು.

ಬಿ. ಎಫ್. ಸ್ಕಿನ್ನರ್ ಆಗಿನ್ನೂ ಹೆಸರು ಮಾಡದ ಯುವ ಮನಶ್ಶಾಸ್ತ್ರಜ್ಞ. ಪೆಟ್ಟಿಗೆಯೊಳಗೆ ಇಲಿ, ಇಲಿಯ ಮುಂದೊಂದು ಲಿವರ್. ಅದನ್ನು ಒತ್ತಿದರೆ ತಟ್ಟೆಗೆ ತಿಂಡಿಯ ಒಂದು ಗುಳಿಗೆ ಬೀಳುತ್ತದೆ. ಆ ಗುಳಿಗೆಗಳನ್ನು ಸ್ಕಿನ್ನರ್ ತಾನೇ ಔಷಧದಂಗಡಿಯವರು ಬಳಸುವಂಥ ಯಂತ್ರದಲ್ಲಿ ಮಾಡಿಕೊಳ್ಳಬೇಕಿತ್ತು, ಬೇಸರದ ಕೆಲಸ. ಆ ಶನಿವಾರ ದಾಸ್ತಾನು ನೋಡಿದರೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲ ಮುಗಿದುಹೋಗುವಂತಿದೆ. ಇಡೀ ಸಂಜೆ ಕೂತು ಗುಳಿಗೆ ಮಾಡುವುದಕ್ಕಿಂತ, ಒತ್ತಿದಾಗಲೆಲ್ಲ ಯಾಕೆ ಕೊಡಬೇಕು ಎಂದು ಅವನಿಗೆ ಅನ್ನಿಸಿತು. ನಿಮಿಷಕ್ಕೆ ಒಂದೇ ಗುಳಿಗೆ ಎಂದು ನಿಯಮ ಮಾಡಿದ. ನಡುವೆ ಇಲಿ ಎಷ್ಟು ಸಲ ಒತ್ತಿದರೂ ಏನೂ ಇಲ್ಲ. ಈ ಕತೆಯನ್ನು 1956ರಲ್ಲಿ ಬರೆದ ಲೇಖನವೊಂದರಲ್ಲಿ ಅವನೇ ತಮಾಷೆಯಾಗಿ ಹೇಳಿಕೊಂಡಿದ್ದಾನೆ. ಇಲಿಗಳು ಒತ್ತುವುದನ್ನು ನಿಲ್ಲಿಸಲಿಲ್ಲ. ಬರಿದೇ ಹೋಗುವ ಒತ್ತುಗಳು ಹೆಚ್ಚಾದರೂ ಒಂದೇ ಗತಿಯಲ್ಲಿ ಒತ್ತುತ್ತಲೇ ಹೋದವು. ದೊಡ್ಡ ಸಂಶೋಧನೆಯೊಂದು ಸೋಮಾರಿತನದಿಂದ ಹುಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮುಂದೆ ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, 1957ರಲ್ಲಿ ಇದೇ ವಿಷಯದ ಮೇಲೆ ದಪ್ಪ ಪುಸ್ತಕವನ್ನೇ ಹೊರತಂದ. ಬಹುಮಾನವನ್ನು ಆಗಾಗ ಮಾತ್ರ ಕೊಡುವುದಾದರೆ ಅದಕ್ಕೆ ಎರಡು ದಾರಿ. ಒಂದು, ಎಣಿಕೆಯ ದಾರಿ: ಇಷ್ಟು ಸಲ ಕುಕ್ಕಿದರೆ ಒಂದು ಕಾಳು. ಇನ್ನೊಂದು, ಹೊತ್ತಿನ ದಾರಿ: ಇಷ್ಟು ಹೊತ್ತು ಕಳೆದ ಮೇಲೆ ಕಾಳು ಸಿದ್ಧವಾಗುತ್ತದೆ, ಆಮೇಲೆ ಕುಕ್ಕಿದವರಿಗೆ ಸಿಗುತ್ತದೆ. ಎರಡರಲ್ಲೂ ಆ 'ಇಷ್ಟು' ಎಷ್ಟು ಎಂದು ಮೊದಲೇ ಗೊತ್ತಿರಬಹುದು, ಅಥವಾ ಪ್ರತಿ ಸಲವೂ ಬದಲಾಗುತ್ತಿರಬಹುದು.

ಇಲ್ಲೊಂದು ಸಣ್ಣ ತಿದ್ದುಪಡಿ ಬೇಕು. ಮೊಬೈಲಿನ ಬಗ್ಗೆ ಬರೆಯುವವರೆಲ್ಲ ಅದನ್ನು ಕ್ಯಾಸಿನೊದ ಜೂಜಿನ ಯಂತ್ರಕ್ಕೆ ಹೋಲಿಸುತ್ತಾರೆ. ಕೇಳಲು ಚೆಂದ, ಆದರೆ ಪೂರ್ತಿ ಸರಿಯಲ್ಲ. ಜೂಜಿನ ಯಂತ್ರ ಎಣಿಕೆಯ ದಾರಿಯದು. ನೂರು ಸಲ ಎಳೆದವನಿಗೆ ಐವತ್ತು ಸಲ ಎಳೆದವನಿಗಿಂತ ಹೆಚ್ಚು ಸಲ ಗೆಲ್ಲುವ ಅವಕಾಶವಿದೆ, ಅದಕ್ಕೇ ಅಲ್ಲಿ ಜನ ಮೈಮರೆತು ವೇಗವಾಗಿ ಎಳೆಯುತ್ತಾರೆ. ಪರದೆಯನ್ನು ಕೆಳಗೆ ಎಳೆದಷ್ಟೂ ಹೊಸ ಪೋಸ್ಟುಗಳನ್ನು ಉದುರಿಸುವ ಇನ್‌ಸ್ಟಾಗ್ರಾಮಿನಂಥ ಆ್ಯಪ್‌ಗಳಿಗೆ ಈ ಹೋಲಿಕೆ ಒಪ್ಪುತ್ತದೆ. ಆದರೆ ಮೆಸೇಜು ಹಾಗಲ್ಲ. ತಂಗಿ ಮೆಸೇಜು ಹಾಕುವುದು ಅವಳಿಗೆ ಬಿಡುವಾದಾಗ, ನಾವು ಎಷ್ಟು ಸಲ ಇಣುಕಿದೆವು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಂದರೆ ಇದು ಹೊತ್ತಿನ ದಾರಿ, ಅದರಲ್ಲೂ ಯಾವ ಹೊತ್ತು ಎಂದು ಗೊತ್ತಿಲ್ಲದ ಬಗೆ. ಈ ಬಗೆಯಲ್ಲಿ ಪಾರಿವಾಳಗಳು ಹುಚ್ಚೆದ್ದು ಕುಕ್ಕುವುದಿಲ್ಲ. ನಿಧಾನವಾಗಿ, ಬಿಡದೆ, ದಿನವಿಡೀ ಒಂದೇ ಹದದಲ್ಲಿ ಕುಕ್ಕುತ್ತಿರುತ್ತವೆ. ನಾಲ್ಕು ನಿಮಿಷಕ್ಕೊಮ್ಮೆ ಇಣುಕುವ ನಮ್ಮ ನಡೆಗೆ ಇದು ಎಷ್ಟು ಹತ್ತಿರ ಎಂದು ಬೇರೆ ಹೇಳಬೇಕಿಲ್ಲ.

ಇಣುಕಿದಷ್ಟೂ ಮೆಸೇಜು ಹೆಚ್ಚುವುದಿಲ್ಲ ಎಂದಾದರೆ ಹೆಚ್ಚುವುದು ಏನು? ಒಂದು ಲೆಕ್ಕ ಹಾಕಿ ನೋಡಬಹುದು. ಶಿವಮೊಗ್ಗದಲ್ಲಿ ಒಬ್ಬ ಹೈಸ್ಕೂಲ್ ಟೀಚರ್ ಇದ್ದಾರೆ ಎಂದುಕೊಳ್ಳಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಅಂದರೆ 960 ನಿಮಿಷಗಳಲ್ಲಿ, ಅವರಿಗೆ 40 ಮೆಸೇಜು ಬರುತ್ತವೆ. ಸರಾಸರಿ 24 ನಿಮಿಷಕ್ಕೊಂದು, ಆದರೆ ಯಾವಾಗ ಎಂದು ಹೇಳಲಾಗದು. ಅವರು 6 ನಿಮಿಷಕ್ಕೊಮ್ಮೆ ಇಣುಕಿದರೆ ದಿನಕ್ಕೆ 160 ಇಣುಕು. ಮೆಸೇಜುಗಳು ಗೊತ್ತುಗುರಿಯಿಲ್ಲದೆ ಬರುತ್ತವೆ ಎಂದಿಟ್ಟುಕೊಂಡರೆ ಇವುಗಳಲ್ಲಿ ಸುಮಾರು 125 ಖಾಲಿ. ಗಂಟೆಗೊಮ್ಮೆ ಮಾತ್ರ ನೋಡಿದರೆ ದಿನಕ್ಕೆ 16 ಇಣುಕು, ಅದರಲ್ಲಿ ಖಾಲಿ ಹೋಗುವುದು ಒಂದೋ ಎರಡೋ. ಎರಡರಲ್ಲೂ ಸಿಗುವ ಮೆಸೇಜು ಅವೇ 40.

ಹಾಗಾದರೆ ಆ 125 ಖಾಲಿ ಇಣುಕುಗಳಿಂದ ಟೀಚರಿಗೆ ದಕ್ಕಿದ್ದು ಏನು? ಗಂಟೆಗೊಮ್ಮೆ ನೋಡುವವರಿಗೆ ಮೆಸೇಜು ಬಂದು ಸರಾಸರಿ ಅರ್ಧ ಗಂಟೆಯ ಮೇಲೆ ಕಣ್ಣಿಗೆ ಬೀಳುತ್ತದೆ, ಇವರಿಗೆ 3 ನಿಮಿಷಕ್ಕೆ ಬಿತ್ತು. ಲಾಭ ಇಷ್ಟೇ, 27 ನಿಮಿಷ ಮುಂಚೆ ಗೊತ್ತಾಯಿತು. ಆ ನಲವತ್ತರಲ್ಲಿ ಗುಲಾಬಿ ಹೂವಿನ ಶುಭೋದಯ ಎಷ್ಟು, ಸ್ಟಾಫ್ ಗ್ರೂಪಿನ ಕೈಮುಗಿದ ಇಮೋಜಿ ಎಷ್ಟು, ನಿಜಕ್ಕೂ ಅರ್ಧ ಗಂಟೆ ಕಾಯಲಾರದ್ದು ಎಷ್ಟು ಎಂದು ನೀವೇ ನಿಮ್ಮ ಫೋನಿನಲ್ಲಿ ಲೆಕ್ಕ ಹಾಕಿಕೊಳ್ಳಿ.

ಈ ಲೆಕ್ಕವನ್ನು ಯಾರಿಗೆ ತೋರಿಸಿದರೂ ಒಪ್ಪುತ್ತಾರೆ, ಮತ್ತೆ ಇಣುಕುತ್ತಾರೆ. ಯಾಕೆಂದರೆ ಖಾಲಿ ಇಣುಕು ಅಭ್ಯಾಸವನ್ನು ಸಡಿಲಿಸುತ್ತದೆ ಎಂಬ ನಮ್ಮ ಎಣಿಕೆಯೇ ತಪ್ಪು. ಅದು ಅಭ್ಯಾಸವನ್ನು ಬಿಗಿಯುತ್ತದೆ. 1939ರಲ್ಲಿ ಲಾಯ್ಡ್ ಹಂಫ್ರೀಸ್ ಎಂಬ ಮನಶ್ಶಾಸ್ತ್ರಜ್ಞ ಈ ವಿಚಿತ್ರವನ್ನು ಗಮನಿಸಿದ. ಆಮೇಲೆ ಅದು ಅಸಂಖ್ಯ ಸಲ ಸಾಬೀತಾಗಿದೆ. ಎರಡು ಇಲಿಗಳನ್ನು ಊಹಿಸಿಕೊಳ್ಳಿ. ಮೊದಲನೆಯದಕ್ಕೆ ಒತ್ತಿದಾಗಲೆಲ್ಲ ಗುಳಿಗೆ. ಎರಡನೆಯದಕ್ಕೆ ಯಾವಾಗಲೋ ಒಮ್ಮೊಮ್ಮೆ. ಈಗ ಇಬ್ಬರಿಗೂ ಕೊಡುವುದನ್ನು ಪೂರ್ತಿ ನಿಲ್ಲಿಸಿದರೆ ಯಾವುದು ಬೇಗ ಕೈಬಿಡುತ್ತದೆ? ಮೊದಲನೆಯದು. ನಿನ್ನೆಯವರೆಗೂ ತಪ್ಪದೆ ಬರುತ್ತಿದ್ದದ್ದು ಇಂದು ಬರಲಿಲ್ಲ, ಏನೋ ಬದಲಾಗಿದೆ ಎಂದು ಅದಕ್ಕೆ ಕೂಡಲೇ ತಿಳಿಯುತ್ತದೆ. ಎರಡನೆಯದಕ್ಕೆ ತಿಳಿಯುವ ದಾರಿಯೇ ಇಲ್ಲ. ಮೊದಲೂ ಬಹಳ ಸಲ ಬರುತ್ತಿರಲಿಲ್ಲ, ಈಗಲೂ ಬರುತ್ತಿಲ್ಲ. ಮುಂದಿನ ಸಲ ಬರಬಹುದು.

ನಮ್ಮ ಇಣುಕಿನ ಗುಟ್ಟು ನನ್ನ ದೃಷ್ಟಿಯಲ್ಲಿ ಇಷ್ಟೇ. 'ಏನೂ ಬಂದಿಲ್ಲ' ಎಂಬುದು ನಮಗೆ ಸುದ್ದಿಯೇ ಅಲ್ಲ. ಅದು ಈ ಕ್ಷಣದ ಮಟ್ಟಿಗೆ ನಿಜ, ಮುಂದಿನ ಕ್ಷಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಾಗದಗಳ ಕಾಲದಲ್ಲಿ ಹೀಗಿರಲಿಲ್ಲ. ಅಂಚೆಯಣ್ಣ ದಿನಕ್ಕೊಮ್ಮೆ, ಹನ್ನೊಂದರ ಹೊತ್ತಿಗೆ ಬಂದು ಹೋದನೆಂದರೆ ಆವತ್ತಿನ ಮಟ್ಟಿಗೆ ಮುಗಿಯಿತು. ಮಗನ ಕಾಗದಕ್ಕೆ ಎಷ್ಟೇ ಹಂಬಲಿಸುತ್ತಿದ್ದ ತಾಯಿಯೂ ಸಂಜೆ ನಾಲ್ಕಕ್ಕೆ ಅಂಚೆಪೆಟ್ಟಿಗೆಯಲ್ಲಿ ಕೈಯಾಡಿಸುತ್ತಿರಲಿಲ್ಲ. ಬರಲಿಲ್ಲ ಎಂಬುದಕ್ಕೆ ಆಗ ಒಂದು ಖಚಿತತೆ ಇತ್ತು, ನಾಳೆಯವರೆಗಿನ ಬಿಡುಗಡೆ ಇತ್ತು. ಪಾರಿವಾಳಗಳೂ ಹೀಗೆಯೇ. ಕಾಳು ಬರುವ ಹೊತ್ತು ನಿಗದಿಯಾಗಿದ್ದರೆ ಒಮ್ಮೆ ಸಿಕ್ಕ ಮೇಲೆ ಸುಮ್ಮನೆ ಕೂರುತ್ತವೆ, ಹೊತ್ತು ಹತ್ತಿರ ಬಂದಾಗ ಮಾತ್ರ ಕುಕ್ಕಲು ಶುರುಮಾಡುತ್ತವೆ.

ಈ ಮಾತಿನಲ್ಲಿ ಡೋಪಮಿನ್ ಎಲ್ಲಿ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ಸುಖದ ರಾಸಾಯನಿಕ, ಮೆಸೇಜು ಬಂದಾಗ ಮಿದುಳಿನಲ್ಲಿ ಚಿಮ್ಮುತ್ತದೆ ಎಂದು ಎಲ್ಲ ಕಡೆ ಬರೆಯುತ್ತಾರೆ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಕಂಡದ್ದು ಇದಕ್ಕಿಂತ ಸೂಕ್ಷ್ಮ. ಅನಿರೀಕ್ಷಿತವಾಗಿ ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮಿನ್ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮೊದಲು ಒಂದು ಸಂಕೇತ ತೋರಿಸುವುದು ರೂಢಿಯಾದ ಮೇಲೆ ಆ ಮಿಡಿತ ಸಂಕೇತಕ್ಕೇ ಹೋಯಿತು, ರಸಕ್ಕೆ ಏನೂ ಉಳಿಯಲಿಲ್ಲ. 2003ರಲ್ಲಿ ಅವರ ತಂಡ ಇನ್ನೊಂದನ್ನು ತೋರಿಸಿತು: ಸಂಕೇತ ಕಂಡ ಮೇಲೆ ರಸ ಬರುವುದೂ ಬಾರದಿರುವುದೂ ಅರ್ಧಕ್ಕರ್ಧ ಎಂಬಂತಿದ್ದಾಗ, ಕಾಯುವ ಆ ಹೊತ್ತಿನುದ್ದಕ್ಕೂ ಕೋಶಗಳ ಚಟುವಟಿಕೆ ಏರುತ್ತ ಹೋಗಿ ಎಲ್ಲಕ್ಕಿಂತ ಹೆಚ್ಚಾಯಿತು. ಕೋತಿಯ ರಸದಿಂದ ನಮ್ಮ ವಾಟ್ಸಾಪಿಗೆ ನೇರ ಗೆರೆ ಎಳೆಯಲು ನನಗೆ ಧೈರ್ಯವಿಲ್ಲ. ಆದರೂ ಇಣುಕುವ ಮುಂಚಿನ ಅರೆಕ್ಷಣದಲ್ಲಿ ಇರುವ ಎಳೆತ, ಇಣುಕಿದ ಮೇಲೆ ಮೆಸೇಜು ಇದ್ದಾಗಲೂ ಉಳಿಯುವುದಿಲ್ಲ ಎಂಬುದನ್ನು ಯಾರು ಬೇಕಾದರೂ ಗಮನಿಸಿಕೊಳ್ಳಬಹುದು.

ಇಷ್ಟು ಹೊತ್ತು ಹೇಳಿದ್ದು ಆಸೆಯ ಕತೆ, ಏನೋ ಬಂದಿರಬಹುದು ಎಂಬ ನಿರೀಕ್ಷೆಯ ಕತೆ. ಆದರೆ ಎಷ್ಟೋ ಇಣುಕುಗಳಲ್ಲಿ ನಿರೀಕ್ಷೆಯೂ ಇರುವುದಿಲ್ಲ. ಸಮಯ ನೋಡಲೆಂದು ಫೋನ್ ತೆಗೆದು, ವಾಟ್ಸಾಪ್ ತೆರೆದು ಮುಚ್ಚಿ ಜೇಬಿಗಿಟ್ಟ ಮೇಲೆ ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ ಮತ್ತೆ ತೆಗೆಯಬೇಕಾಗುತ್ತದೆ. ಇದು ಆಸೆಯಲ್ಲ, ಕೈಯ ರೂಢಿ.

ರೂಢಿಗೆ ಫಲ ಬೇಕಿಲ್ಲ ಎಂಬುದನ್ನು ತೋರಿಸಲು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು, 2011ರಲ್ಲಿ ಪ್ರಕಟವಾಯಿತು. ಸಿನಿಮಾ ಮಂದಿರಕ್ಕೆ ಬಂದವರಿಗೆ ಪುಕ್ಕಟೆ ಪಾಪ್‌ಕಾರ್ನ್ ಹಂಚಿದರು. ಕೆಲವರಿಗೆ ಆಗಷ್ಟೇ ಹುರಿದದ್ದು, ಕೆಲವರಿಗೆ ವಾರದಷ್ಟು ಹಳೆಯದು, ಮೆತ್ತಗಾಗಿ ಸಪ್ಪೆಯಾದದ್ದು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿನ್ನುವ ರೂಢಿ ಅಷ್ಟಾಗಿ ಇಲ್ಲದವರು ಹಳೆಯದನ್ನು ಪಕ್ಕಕ್ಕಿಟ್ಟರು. ಗಟ್ಟಿ ರೂಢಿಯಿದ್ದವರು ಮಾತ್ರ ತಾಜಾ ಸಿಕ್ಕವರು ತಿಂದಷ್ಟೇ ಹಳಸಲನ್ನೂ ತಿಂದರು. ರುಚಿ ಹೇಗಿತ್ತು ಎಂದರೆ ಚೆನ್ನಾಗಿರಲಿಲ್ಲ ಎಂದೇ ಹೇಳಿದರು! ಅದೇ ರೂಢಿಯವರನ್ನು ಮೀಟಿಂಗ್ ನಡೆಯುವಂಥ ಕೋಣೆಯಲ್ಲಿ ಕೂರಿಸಿ ಹಾಡಿನ ವಿಡಿಯೊ ತೋರಿಸಿದಾಗ ಹಳಸಲು ಮುಟ್ಟಲಿಲ್ಲ. ಸಿನಿಮಾ ಮಂದಿರದಲ್ಲೇ ಬಲಗೈಯವರಿಗೆ ಎಡಗೈಯಲ್ಲಿ ತಿನ್ನಿ ಎಂದಾಗಲೂ ಅಷ್ಟೇ, ತಿನ್ನುವುದು ಕಡಿಮೆಯಾಯಿತು.

ಖಾಲಿ ಇಣುಕು ಎಂದರೆ ಈ ಹಳಸಲು ಪಾಪ್‌ಕಾರ್ನೇ. ಅದನ್ನು ಬಾಯಿಗೆ ಹಾಕಿಸುವುದು ರುಚಿಯಲ್ಲ, ಕೂತ ಜಾಗ. ನಮಗೆ ಆ ಜಾಗ ಸಿಗ್ನಲ್ಲು, ಲಿಫ್ಟು, ಬಸ್‌ಸ್ಟಾಪು, ಹಾಲು ಉಕ್ಕುವುದನ್ನು ಕಾಯುವ ಒಲೆಯ ಮುಂದೆ, ಮದುವೆಮನೆಯ ಊಟದಲ್ಲಿ ಪಲ್ಯ ಬಡಿಸಿ ಹೋದವನ ಹಿಂದೆ ಅನ್ನ ಬರುವ ತನಕದ ಒಂದು ನಿಮಿಷ. ಕೈಗೆ ಕೆಲಸವಿಲ್ಲದ, ಕಣ್ಣಿಗೆ ನೋಟವಿಲ್ಲದ ಇಂಥ ಬಿಡುವುಗಳಲ್ಲಿ ನೂರಾರು ಸಲ ಫೋನ್ ತೆಗೆದ ಮೇಲೆ, ಆ ಬಿಡುವೇ ಫೋನ್ ತೆಗೆ ಎಂದು ಹೇಳತೊಡಗುತ್ತದೆ. ಮನಸ್ಸಿನ ಒಪ್ಪಿಗೆ ಕೇಳುವುದಿಲ್ಲ. ಹಾಗಾಗಿಯೇ ಮನಸ್ಸು ಗಟ್ಟಿಮಾಡಿಕೊಂಡವರು ಸೋಲುವುದು, ಫೋನನ್ನು ಬಲಜೇಬಿನಿಂದ ಬ್ಯಾಗಿನ ಒಳಜೇಬಿಗೆ ಸಾಗಿಸಿದವರು ಗೆಲ್ಲುವುದು. ಜಿಪ್ ಎಳೆಯಬೇಕಾಗಿ ಬಂದಾಗ ಕೈ ಅರ್ಧದಲ್ಲಿ ನಿಲ್ಲುತ್ತದೆ, ಯಾಕೆ ಬಂದೆ ಎಂದು ತಾನೇ ಕೇಳಿಕೊಳ್ಳುತ್ತದೆ.

ಆಸೆ, ರೂಢಿ ಎರಡೂ ಆಯಿತು. ಮೂರನೆಯದು ಅಂಜಿಕೆ. ಇದರ ಅತಿ ವಿಚಿತ್ರ ರೂಪ ಬಾರದ ಕರೆಗೆ ಫೋನು ನಡುಗಿದಂತೆ ಅನ್ನಿಸುವುದು. ಅಮೆರಿಕದ ಮ್ಯಾಸಚೂಸೆಟ್ಸಿನ ಬೇಸ್ಟೇಟ್ ವೈದ್ಯಕೀಯ ಕೇಂದ್ರದ ಸಿಬ್ಬಂದಿಯನ್ನು ಈ ಬಗ್ಗೆ ಕೇಳಿ ನೋಡಿದ್ದರು. 2010ರಲ್ಲಿ ಪ್ರಕಟವಾದ ಆ ವರದಿಯಂತೆ, ಉತ್ತರಿಸಿದವರಲ್ಲಿ ನೂರಕ್ಕೆ 68 ಮಂದಿಗೆ ಪೇಜರೋ ಫೋನೋ ಸುಮ್ಮಸುಮ್ಮನೆ ನಡುಗಿದ ಅನುಭವವಾಗಿತ್ತು. ತೈವಾನಿನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದ ವೈದ್ಯ ವಿದ್ಯಾರ್ಥಿಗಳನ್ನು ಗಮನಿಸಿದವರಿಗೆ, ಡ್ಯೂಟಿಯ ತಿಂಗಳುಗಳಲ್ಲಿ ಇದು ಏರಿದ್ದೂ ಮುಗಿದ ಮೇಲೆ ಇಳಿದದ್ದೂ ಕಂಡಿತು. ಕಿವಿಯ ದೋಷವಲ್ಲ, ತೊಡೆಯ ನರದ ದೋಷವೂ ಅಲ್ಲ, ಹೊಣೆಯ ಭಾರ.

ಇದು ನಡೆಯುವ ಬಗೆ ಹೀಗೆ. ಜೇಬಿನ ಬಳಿ ಬಟ್ಟೆ ಸರಿಯುತ್ತದೆ, ಸ್ನಾಯು ಒಮ್ಮೆ ಅದುರುತ್ತದೆ. ಇದು ಕರೆಯೋ ಅಲ್ಲವೋ ಎಂದು ಮಿದುಳು ತೀರ್ಮಾನಿಸಬೇಕು. ಎರಡು ಬಗೆಯಲ್ಲಿ ತಪ್ಪಬಹುದು: ಬಾರದ ಕರೆಯನ್ನು ಬಂತೆನ್ನುವುದು, ಬಂದ ಕರೆಯನ್ನು ಬರಲಿಲ್ಲ ಎನ್ನುವುದು. ಮೊದಲ ತಪ್ಪಿಗೆ ದಂಡ ಒಂದು ಸೆಕೆಂಡು. ಎರಡನೆಯದಕ್ಕೆ ದಂಡ ಏನು ಬೇಕಾದರೂ ಆಗಬಹುದು, ಐಸಿಯುನಲ್ಲಿರುವ ಅಪ್ಪನ ಬಗ್ಗೆ ಆಸ್ಪತ್ರೆಯಿಂದ ಬಂದ ಕರೆ ತಪ್ಪಬಹುದು, ಇಂಟರ್ವ್ಯೂ ಆದ ಕಂಪನಿಯದು ತಪ್ಪಬಹುದು. ದಂಡ ಹೀಗೆ ಒಂದೇ ಕಡೆ ವಾಲಿದಾಗ ಸಣ್ಣ ಅನುಮಾನಕ್ಕೂ 'ಬಂತು' ಎನ್ನುವುದೇ ಜಾಣತನ. ಇಣುಕುವುದೂ ಇದೇ ಲೆಕ್ಕಾಚಾರದ ಇನ್ನೊಂದು ಮುಖ. ಇಣುಕಿ ಏನೂ ಇಲ್ಲವೆಂದು ಕಂಡಾಗ ಎದೆ ಸ್ವಲ್ಪ ಹಗುರಾಗುತ್ತದೆ ನೋಡಿ, ಆ ಹಗುರವೇ ಬಹುಮಾನ. ಅಂದರೆ ಅಂಜಿಕೊಂಡು ಇಣುಕುವವರಿಗೆ ಖಾಲಿ ಪರದೆ ಖಾಲಿಯೇ ಅಲ್ಲ, ಅದನ್ನೇ ಅವರು ಹುಡುಕಿಕೊಂಡು ಬಂದದ್ದು. ಹಗುರ ಉಳಿಯುವುದು ನಾಲ್ಕು ನಿಮಿಷ ಎಂಬುದಷ್ಟೇ ತೊಂದರೆ.

ಈ ಅಂಜಿಕೆಗೆ ಆಧಾರವೇ ಇಲ್ಲ ಎಂದೂ ಹೇಳಲಾಗದು. ಆಂಡ್ರಾಯ್ಡ್ ಫೋನುಗಳಲ್ಲಿ 2015ರಿಂದ, ಬ್ಯಾಟರಿ ಉಳಿಸಲೆಂದು, ಅಲುಗಾಡದೆ ಬಿದ್ದಿರುವ ಫೋನಿನ ಆ್ಯಪ್‌ಗಳನ್ನು ನಿದ್ದೆಗೆ ತಳ್ಳುವ ವ್ಯವಸ್ಥೆ ಇದೆ. ಕೆಲವು ಫೋನುಗಳು ಇದನ್ನು ಅತಿಯಾಗಿ ಮಾಡುತ್ತವೆ. ಮೆಸೇಜು ಬಂದರೂ ಸದ್ದಿಲ್ಲ, ಆ್ಯಪ್ ತೆರೆದ ಕೂಡಲೇ ಏಳೆಂಟು ಒಟ್ಟಿಗೆ ದಬದಬ ಬೀಳುತ್ತವೆ. ನಿಮ್ಮ ಫೋನಿನಲ್ಲಿ ಹೀಗಾಗುತ್ತಿದ್ದರೆ ತಪ್ಪು ನಿಮ್ಮದಲ್ಲ. ಒಮ್ಮೆ ಹೀಗೆ ಮೋಸಹೋದವರು ಆಮೇಲೆ ಫೋನಿನ ಮೌನವನ್ನು ನಂಬುವುದಿಲ್ಲ. ಆ ಆ್ಯಪಿನ ಐಕಾನನ್ನು ಒತ್ತಿಹಿಡಿದು App info ತೆರೆದು, ಬ್ಯಾಟರಿಯ ವಿಭಾಗದಲ್ಲಿ Unrestricted ಎಂದು ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಾಟ್ಸಾಪಿಗೆ ಮಾತ್ರ ಹೀಗೆ ಮಾಡಿ. ಎಲ್ಲಕ್ಕೂ ಮಾಡಿದರೆ ಸಂಜೆಗೆ ಚಾರ್ಜ್ ಇರುವುದಿಲ್ಲ.

ಈಗ ಬಹಳ ಜನ ಮಾಡುವ ಎಡವಟ್ಟಿಗೆ ಬರೋಣ. ಕಾಟ ಹೆಚ್ಚಾಯಿತೆಂದು ಫೋನನ್ನು ಸೈಲೆಂಟ್ ಮಾಡುತ್ತಾರೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮೆಂಗ್‌ಚಿ ಲಿಯಾವೊ ಮತ್ತು ಎಸ್. ಶ್ಯಾಮ್ ಸುಂದರ್ 138 ಐಫೋನ್ ಬಳಕೆದಾರರ ಫೋನಿನಲ್ಲೇ ದಾಖಲಾದ ಲೆಕ್ಕ ತೆಗೆದು ನೋಡಿದರು. ಪೂರ್ತಿ ಸೈಲೆಂಟಿನಲ್ಲಿ ಇಟ್ಟವರು ಫೋನನ್ನು ಹೆಚ್ಚು ಸಲ ಎತ್ತುತ್ತಿದ್ದರು. ಎಲ್ಲಿ ಏನು ತಪ್ಪಿಹೋಗುತ್ತದೋ ಎಂಬ ಅಂಜಿಕೆ ಜಾಸ್ತಿಯಿರುವವರಲ್ಲಿ ಇದು ಇನ್ನೂ ಎದ್ದು ಕಂಡಿತು. ಹೆಚ್ಚು ಎತ್ತುವವರೇ ಸೈಲೆಂಟ್ ಮಾಡಿಕೊಂಡಿರಬಹುದಲ್ಲ ಎಂದು ಕೇಳಬಹುದು, ಇದೊಂದೇ ಅಧ್ಯಯನದಿಂದ ಆ ಅನುಮಾನ ತೀರುವುದಿಲ್ಲ. ಆದರೆ ಇಷ್ಟು ಹೊತ್ತು ಹೇಳಿದ್ದಕ್ಕೆ ಇದು ಹೊಂದುತ್ತದೆ. ಸದ್ದು ಇದ್ದಾಗ ಮೌನಕ್ಕೆ ಅರ್ಥವಿತ್ತು, ಏನೂ ಬಂದಿಲ್ಲ ಎಂದು. ಸದ್ದನ್ನು ಕೊಂದ ಮೇಲೆ ಮೌನಕ್ಕೆ ಯಾವ ಅರ್ಥವೂ ಉಳಿಯಲಿಲ್ಲ, ತಿಳಿಯಲು ಇಣುಕುವುದೊಂದೇ ದಾರಿಯಾಯಿತು.

2019ರಲ್ಲಿ ನಿಕೋಲಸ್ ಫಿಟ್ಜ್, ಕೊಸ್ಟಾಡಿನ್ ಕುಶ್ಲೆವ್ ಮುಂತಾದವರು 237 ಜನರ ಮೇಲೆ ಎರಡು ವಾರ ನಡೆಸಿದ ಪ್ರಯೋಗ ಪ್ರಕಟವಾಯಿತು. ಅದು ಇದನ್ನೇ ಇನ್ನಷ್ಟು ಬಿಡಿಸಿ ತೋರಿಸಿತು. ಕೆಲವರಿಗೆ ನೋಟಿಫಿಕೇಶನ್‌ಗಳು ಎಂದಿನಂತೆ, ಕೆಲವರಿಗೆ ಕಟ್ಟುಕಟ್ಟಾಗಿ ದಿನಕ್ಕೆ ಮೂರು ಸಲ, ಕೆಲವರಿಗೆ ಬರಲೇ ಇಲ್ಲ. ಮೂರು ಸಲದವರಿಗೆ ಗಮನ ಹಿಡಿತಕ್ಕೆ ಬಂತು, ಮನಸ್ಸು ತಿಳಿಯಾಯಿತು, ಕೆಲಸ ಸಾಗಿತು. ಬರದೇ ಹೋದವರಿಗೆ ಆ ಲಾಭ ಅಷ್ಟಾಗಿ ದಕ್ಕಲಿಲ್ಲ, ಮೇಲಾಗಿ ಆತಂಕ ಹೆಚ್ಚಿತು. ಅಂಚೆಯಣ್ಣ ದಿನಕ್ಕೆ ಮೂರು ಸಲ ಬಂದರೆ ನೆಮ್ಮದಿ, ಬರುವುದನ್ನೇ ನಿಲ್ಲಿಸಿದರೆ ಕಳವಳ.

ಇದನ್ನು ಚಟ ಎಂದು ಕರೆಯಲು ನನಗೆ ಇಷ್ಟವಿಲ್ಲ. ಹೆಲ್ಸಿಂಕಿಯ ಅಧ್ಯಯನದಲ್ಲಿದ್ದವರು ಕೂಡ ಇದೊಂದು ಕಿರಿಕಿರಿ ಎಂದರೇ ಹೊರತು ಚಟ ಎನ್ನಲಿಲ್ಲ. ನಿದ್ದೆ, ಓದು, ಕೆಲಸ ಕೆಡುವ ಮಟ್ಟಕ್ಕೆ ಹೋದರೆ ಮಾತು ಬೇರೆ, ಅಂಥವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ಎಂಬ ಚಿಕಿತ್ಸಾಲಯ ತೆರೆದಿದೆ. ಇನ್ನು ಬಾಡಿಗೆಗೆ ಕಾಯುವ ಆಟೊದವರು, ಆರ್ಡರಿಗೆ ಕಾಯುವ ಡೆಲಿವರಿ ಹುಡುಗರು ಇಣುಕುವುದು ಅಭ್ಯಾಸವಲ್ಲ, ಹೊಟ್ಟೆಪಾಡು. ಅವರಿಗೆ ಈ ಲೇಖನದ ಉಪದೇಶ ಬೇಡ.

ಉಳಿದವರು ಮೊದಲು ತಮ್ಮ ಲೆಕ್ಕ ನೋಡಿಕೊಳ್ಳಬಹುದು. ಆಂಡ್ರಾಯ್ಡಿನ Settings ಒಳಗೆ Digital Wellbeing, ಐಫೋನಿನಲ್ಲಿ Screen Time. ಅಲ್ಲಿ ದಿನಕ್ಕೆ ಎಷ್ಟು ನೋಟಿಫಿಕೇಶನ್ ಬಂದವು, ಎಷ್ಟು ಸಲ ಫೋನ್ ತೆರೆದಿರಿ ಎಂಬ ಎರಡೂ ಸಂಖ್ಯೆ ಸಿಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಆಂಡ್ರಾಯ್ಡಿನ ಲೆಕ್ಕ ನಿಜಕ್ಕಿಂತ ಕಡಿಮೆಯೇ ಇರುತ್ತದೆ, ಲಾಕ್ ತೆಗೆಯದೆ ಬರೀ ಪರದೆ ಬೆಳಗಿಸಿ ನೋಡಿದ್ದು ಅದರಲ್ಲಿ ಸೇರುವುದಿಲ್ಲ.

ಆಮೇಲೆ ಮಾಡಬೇಕಾದದ್ದು ಫೋನನ್ನು ಮೂಕಗೊಳಿಸುವುದಲ್ಲ, ಅದರ ಮೌನವನ್ನು ನಂಬುವಂತೆ ಮಾಡುವುದು. ಗ್ರೂಪುಗಳನ್ನೆಲ್ಲ ಮ್ಯೂಟ್ ಮಾಡಿ, ಕರೆಗಳ ರಿಂಗ್‌ಟೋನ್ ಮಾತ್ರ ಜೋರಾಗಿಯೇ ಇರಲಿ. ಮೆಸೇಜುಗಳನ್ನು ನೋಡಲು ಮೂರು ಹೊತ್ತು ಗೊತ್ತುಮಾಡಿಕೊಳ್ಳಿ, ತಿಂಡಿಯ ಮೇಲೆ, ಊಟದ ಮೇಲೆ, ಸಂಜೆ ಕಾಫಿಯ ಮೇಲೆ. ಐಫೋನಿನಲ್ಲಿ Scheduled Summary ಎಂಬ ಆಯ್ಕೆ ಈ ಕೆಲಸವನ್ನು ತಾನೇ ಮಾಡುತ್ತದೆ. ಮೊದಲ ಕೆಲವು ದಿನ ಇಣುಕುವ ತುಡಿತ ಕಡಿಮೆಯಾಗುವ ಬದಲು ಹೆಚ್ಚಾದೀತು. ಗುಳಿಗೆ ನಿಂತಾಗ ಇಲಿಗಳೂ ಮೊದಲು ಜೋರಾಗಿ ಒತ್ತಿ ನೋಡುತ್ತವೆ, ಅಲ್ಲಿಗೆ ಉಪಾಯ ಕೆಲಸ ಮಾಡಲಿಲ್ಲ ಎಂದು ಕೈಚೆಲ್ಲಬೇಡಿ. ಮತ್ತು ಇದೆಲ್ಲಕ್ಕೂ ಮೊದಲು, ಇವತ್ತೇ ಮನೆಯವರಿಗೂ ಆಫೀಸಿನ ನಾಲ್ಕು ಜನರಿಗೂ ಒಂದು ಮಾತು ಹೇಳಿಬಿಡಿ: "ಅರ್ಜೆಂಟ್ ಇದ್ರೆ ಮೆಸೇಜ್ ಹಾಕ್ಬೇಡಿ, ಫೋನ್ ಮಾಡಿ."